ಸಾರುವ ಮುಂಚೆ, ಸಾರಿದ ಮೇಲೆ

ಮಂಗಳವಾರ ರಾತ್ರಿ ತಮಟೆ ಬಡಿದು ಹಬ್ಬ ಸಾರುವ ಹೊತ್ತಿಗೆ ಖಾರದ ಪುಡಿ ಡಬ್ಬಿ ಸೇರಿರಬೇಕು. ಸಾರಿದ ಮೇಲೆ ಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ, ಕುಟ್ಟುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ರಾಗಿ ಮಿಲ್ಲಿಗೆ ಹೋಗಿ ಬಂದಿರಬೇಕು, ಸೌದೆ ಒಡೆದು ಪೇರಿಸಿರಬೇಕು. ಬೇರೆ ಊರಲ್ಲಿ ರಾತ್ರಿ ತಂಗಿ ಬರುವ ಕೆಲಸವಿದ್ದರೆ ಅದೂ ಮುಗಿದಿರಬೇಕು. ಮಳವಳ್ಳಿ ಕಡೆಯ ಆ ಊರಿನಲ್ಲಿ, ಎಪ್ಪತ್ತು ದಾಟಿದ ತಾತ ಜಗಲಿಯ ಮೇಲೆ ಕೂತು ಇದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. ಏಳನೇ ತರಗತಿಯ ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಹಳೆಯ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ.

“ಎರಡು ಸಾಲು ಮಾಡ್ಕೊ ಮಗ,” ಎಂದರು ತಾತ. “ಒಂದು ಸಾರೋಕ್ ಮುಂಚೆ, ಇನ್ನೊಂದು ಸಾರಿದ್ ಮೇಲೆ. ಇದರ ಕೆಲಸ ಅದಕ್ಕೆ ಹೋಗಂಗಿಲ್ಲ, ಅದರದು ಇದಕ್ಕೆ ಬರಂಗಿಲ್ಲ.”

ಮಂಡ್ಯ, ಮೈಸೂರು, ಚಾಮರಾಜನಗರ, ರಾಮನಗರದ ಹಳ್ಳಿಗಳಲ್ಲಿ ಊರ ಹಬ್ಬ ಎಂದರೆ ಬಹುಮಟ್ಟಿಗೆ ಮಾರಮ್ಮನ ಹಬ್ಬ. ದೇವತೆಯ ಹೆಸರು ಊರಿಂದೂರಿಗೆ ಬದಲಾಗುತ್ತದೆ; ಪಟ್ಟಲದಮ್ಮ, ದಂಡಿನ ಮಾರಮ್ಮ, ಹೀಗೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ ನಡೆದರೆ, ಇಲ್ಲಿನ ಚಿಕ್ಕ ಊರುಗಳ ಹಬ್ಬ ಪ್ರತಿ ವರ್ಷದ್ದು. ಸುಗ್ಗಿ ಮುಗಿದು ಕಣ ಖಾಲಿಯಾಗಿ, ಮುಂಗಾರಿನ ಉಳುಮೆ ಇನ್ನೂ ಶುರುವಾಗದ ಬಿಡುವಿನಲ್ಲಿ, ಯುಗಾದಿಯ ಆಸುಪಾಸಿನಿಂದ ಬೇಸಿಗೆ ಮುಗಿಯುವುದರೊಳಗೆ ಇವು ಬರುತ್ತವೆ. ಊರಿನ ಯಜಮಾನರು ಗುಡಿಯ ಮುಂದೆ ಸೇರಿ ದಿನ ಗೊತ್ತುಮಾಡುತ್ತಾರೆ. ಆಮೇಲೆ ಒಂದು ರಾತ್ರಿ ತಮಟೆಯವರು ಬೀದಿ ಬೀದಿಯಲ್ಲಿ ನಿಂತು ಇಂಥ ದಿನ ಅಮ್ಮನ ಹಬ್ಬ ಎಂದು ಕೂಗಿ ಹೇಳುತ್ತಾರೆ. ಅದೇ ಸಾರುವುದು. ಸಾರಿದಲ್ಲಿಂದ ಹಬ್ಬ ಮುಗಿಯುವವರೆಗೆ ಊರು ಕಟ್ಟಿಗೆ ಬೀಳುತ್ತದೆ. ಈ ಊರಿನಲ್ಲಿ ಆ ಅಂತರ ಮಂಗಳವಾರದಿಂದ ಮಂಗಳವಾರ.

ಹುಡುಗನಿಗೆ ಮೊದಲ ದಿನ ಇದು ಬರೀ ಬೇಡಗಳ ಪಟ್ಟಿಯಾಗಿ ಕಂಡಿತು. ಕೆಲಸಕ್ಕೆ ಇಳಿದ ಮೇಲೆ ಅದು ಕ್ಯಾಲೆಂಡರ್ ಎಂಬುದು ಗೊತ್ತಾಗುತ್ತ ಹೋಯಿತು. ಕೆಲವು ಕೆಲಸಕ್ಕೆ ಮುಂಚಿತವಾಗಿ ಕೈಹಾಕದಿದ್ದರೆ ಆಗುವುದಿಲ್ಲ, ಕೆಲವನ್ನು ಮುಂಚಿತವಾಗಿ ಮಾಡಿದರೆ ಕೆಡುತ್ತವೆ. ಸುಣ್ಣ ಮೊದಲ ಬಗೆಯದು, ತಂಬಿಟ್ಟು ಎರಡನೆಯದು.

ಸುಣ್ಣಕ್ಕೆ ಐದು ದಿನ

ತಾತ ಲೆಕ್ಕ ಹಾಕಿದ್ದು ಹಿಂದಿನಿಂದ. ಸಾರುವುದು ಮಂಗಳವಾರ. ಸೋಮವಾರ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಅದಕ್ಕೆ ಮುಂಚೆ ಭಾನುವಾರ ಸುಣ್ಣದ ಎರಡನೇ ಕೈ, ಶನಿವಾರ ಮೊದಲ ಕೈ. ಸುಣ್ಣ ಒಂದು ದಿನವಾದರೂ ನೀರಿನಲ್ಲಿ ನೆನೆದು ತಣಿಯಬೇಕಾದ್ದರಿಂದ, ಅದನ್ನು ನೀರಿಗೆ ಬಿಡುವುದು ಶುಕ್ರವಾರ ಬೆಳಗ್ಗೆ. ಸಾರಿದ ಮೇಲೆ ಸುಣ್ಣ ಬಳಿಯಬಾರದು ಎಂಬ ಕಟ್ಟೇನೂ ಈ ಮನೆಯಲ್ಲಿಲ್ಲ. ಆದರೆ ಸಾರುವ ದಿನಕ್ಕೆ ಮನೆ ಶುದ್ಧವಾಗಿರಬೇಕು, ಮಾರನೆಯ ದಿನದಿಂದ ಮಡಿ ಪಾತ್ರೆಗಳನ್ನು ಹೊರಗಿಡಬೇಕು. ಆ ಪಾತ್ರೆಗಳ ಪಕ್ಕದಲ್ಲಿ ಸುಣ್ಣದ ಡ್ರಮ್ ಇರುವುದು ಅಜ್ಜಿಗೆ ಒಪ್ಪಿಗೆಯಿಲ್ಲ.

ಸಂತೆಯಿಂದ ತಂದದ್ದು ಹತ್ತು ಕೆಜಿ ಸುಟ್ಟ ಸುಣ್ಣದ ಕಲ್ಲು. ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ನೀರಿಗಾಗಿ ಕಾದು ನಿಂತ ಕಲ್ಲು ಉಳಿಯುತ್ತದೆ. ನೀರು ತಾಗಿದರೆ ಸಾಕು, ಒಲೆಯಿಲ್ಲದೆ ಕೊತಕೊತ ಕುದಿಯುತ್ತದೆ. ಹುಡುಗ ಬಿಂದಿಗೆ ಎತ್ತಿ ಕಲ್ಲಿನ ರಾಶಿಯ ಮೇಲೆ ಸುರಿಯಲು ಹೋದಾಗ ತಾತ ಕೈಹಿಡಿದು ನಿಲ್ಲಿಸಿದರು. ಕಲ್ಲಿನ ಮೇಲೆ ನೀರು ಸುರಿದರೆ ಬಿಸಿ ಒಂದೇ ಕಡೆ ಕೂಡಿಕೊಂಡು ಸುಣ್ಣ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮೊದಲು ಡ್ರಮ್ಮಿನಲ್ಲಿ ನೀರು, ಆಮೇಲೆ ಒಂದೊಂದೇ ಕಲ್ಲು, ಮುಖ ದೂರ. ಹತ್ತು ಕೆಜಿಗೆ ಸುಮಾರು ಐವತ್ತು ಲೀಟರ್ ನೀರು ಹಿಡಿಯುತ್ತದೆ. ಮೊದಲು ಕಲ್ಲು ಮುಳುಗುವಷ್ಟು ಹಾಕಿ ಕುದಿ ನಿಂತ ಮೇಲೆ ಉಳಿದದ್ದನ್ನು ಬೆರೆಸಿ, ಕೋಲಿನಿಂದ ತಿರುವಿ ಮುಚ್ಚಿಟ್ಟರು. ಡ್ರಮ್ಮಿಗೆ ಕೈ ತಾಗಿಸಲಾಗದಷ್ಟು ಬಿಸಿ ಮಧ್ಯಾಹ್ನದವರೆಗೂ ಇತ್ತು.

ಶನಿವಾರ ಬೆಳಗ್ಗೆ ತಾತನ ಹಳೆಯ ಪಂಚೆಯಲ್ಲಿ ಸುಣ್ಣ ಸೋಸುವುದು ಹುಡುಗನ ಪಾಲಿಗೆ ಬಂತು. ಬೇಯದ ಕಲ್ಲಿನ ಚೂರುಗಳು ಬಟ್ಟೆಯಲ್ಲಿ ಉಳಿದವು. ಅವನ್ನು ಹಾಗೇ ಬಿಟ್ಟರೆ ಗೋಡೆಯ ಮೇಲೆ ಗೀರು ಬೀಳುತ್ತದೆ. ಸೋಸಿದ ಸುಣ್ಣಕ್ಕೆ ಅಜ್ಜಿ ಒಂದು ಚೊಂಬು ಅಕ್ಕಿ ಗಂಜಿ, ಒಂದು ಹಿಡಿ ಉಪ್ಪು ಬೆರೆಸಿದರು. ಗಂಜಿ ಅಂಟಿಗೆ. ಉಪ್ಪು ಗಾಳಿಯ ತೇವ ಹಿಡಿದಿಟ್ಟುಕೊಂಡು ಗೋಡೆ ಬೇಗ ಒಣಗದಂತೆ ನೋಡಿಕೊಳ್ಳುತ್ತದೆ. ಬಿಳುಪು ಹೊಳೆಯಲೆಂದು ಬಟ್ಟೆಗೆ ಹಾಕುವ ನೀಲಿ ನಾಲ್ಕಾರು ಹನಿ.

ಗೋಡೆಗೆ ಮೊದಲು ನೀರು ಚಿಮುಕಿಸಿದರು. ಒಣಗಿದ ಗೋಡೆ ಸುಣ್ಣದ ನೀರನ್ನು ತಕ್ಷಣ ಹೀರಿಕೊಂಡರೆ ಮೇಲೆ ಬರೀ ಪುಡಿ ಉಳಿಯುತ್ತದೆ. ಕೈ ಒರೆಸಿದರೆ ಅಂಗೈ ಬೆಳ್ಳಗಾಗುತ್ತದೆ. ಸುಣ್ಣ ಗಟ್ಟಿಯಾಗುವುದು ಬರೀ ಒಣಗುವುದರಿಂದಲ್ಲ. ತೇವ ಇರುವಾಗಲೇ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹಿಡಿದುಕೊಂಡು ಮತ್ತೆ ಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನೇ ಗೋಡೆಯ ಮೇಲೆ ಮರಳಿ ಪಡೆಯುತ್ತದೆ. ಅದಕ್ಕೇ ಮಟಮಟ ಮಧ್ಯಾಹ್ನ ಬಿಸಿಲು ಬೀಳುವ ಗೋಡೆಗೆ ಬಳಿಯುವುದಿಲ್ಲ.

ಹುಡುಗ ಮೊದಲ ಸಲ ಬ್ರಷ್ ಆಡಿಸಿದಾಗ ಗೋಡೆ ಬೆಳ್ಳಗೆ ಕಾಣಲಿಲ್ಲ. ಬರೀ ನೀರು ಬಳಿದಂತಿದೆ ಎಂದು ಮತ್ತೆ ಮತ್ತೆ ದಪ್ಪಗೆ ಹಚ್ಚಿದ. ತಾತ ತಡೆಯಲಿಲ್ಲ. ಎರಡು ಗಂಟೆಯ ನಂತರ ತಾತ ಬಳಿದ ಭಾಗ ಬೆಳ್ಳಗಾಗಿ ಒಂದೇ ಸಮ ನಿಂತಿತ್ತು. ಹುಡುಗನ ಭಾಗದಲ್ಲಿ ಬಿರುಕು ಬಿಟ್ಟ ಸಿಪ್ಪೆಗಳು ಎದ್ದಿದ್ದವು. ಹಸಿ ಇದ್ದಾಗ ಸುಣ್ಣ ತೆಳ್ಳಗೆ ಒಳಗೋಡೆ ಕಾಣುವಂತೆಯೇ ಇರಬೇಕು, ಒಣಗಿದ ಮೇಲೆ ಬಿಳುಪು ಬರುತ್ತದೆ. ಸಾಲದಿದ್ದರೆ ಮಾರನೆಯ ದಿನ ಇನ್ನೊಂದು ತೆಳು ಕೈ. ಎದ್ದ ಸಿಪ್ಪೆಗಳನ್ನು ತೆಂಗಿನ ಚಿಪ್ಪಿನಿಂದ ಹೆರೆದು, ನೀರು ಹಾಕಿ, ಆ ಭಾಗವನ್ನು ಹುಡುಗನೇ ಮತ್ತೆ ಬಳಿದ.

ಒಂದು ಕೋಣೆ ಮಾತ್ರ ಸುಣ್ಣಕ್ಕೆ ಒಗ್ಗಲಿಲ್ಲ. ಹಿಂದೆ ಸಿಮೆಂಟಿನಲ್ಲಿ ಕಟ್ಟಿ ಪೇಂಟ್ ಹೊಡೆಸಿದ ಕೋಣೆ ಅದು. ಪೇಂಟಿನ ಪದರ ನೀರು ಹೀರುವುದಿಲ್ಲ, ಹಾಗಾಗಿ ಸುಣ್ಣಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟರು. ಸೋಮವಾರ ಕೆಮ್ಮಣ್ಣು ಕಲಸಿ ಸೋಸಿ, ಜಗಲಿಯ ಅಂಚಿಗೂ ಗೋಡೆಯ ಬುಡಕ್ಕೂ ಒಂದು ಗೇಣು ಎತ್ತರದ ಪಟ್ಟೆ ಎಳೆದಾಗ ಹೊರಗಿನ ಕೆಲಸ ಮುಗಿಯಿತು.

ಒಗ್ಗರಣೆ ಯಾಕಿಲ್ಲ

ಸಾರಿದ ರಾತ್ರಿ ಊಟಕ್ಕೆ ಉಪ್ಸಾರು, ಮುದ್ದೆ. ಬೇಳೆ, ಸೊಪ್ಪು ಬೇಯಿಸಿದ ಕಟ್ಟಿಗೆ ಉಪ್ಪು ಬಿದ್ದರೆ ಉಪ್ಸಾರು. ಖಾರವನ್ನು ಪಕ್ಕದಲ್ಲಿ ಇಟ್ಟುಕೊಂಡು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಎಣ್ಣೆ ಕಾಯಿಸದೆ ಎಂಟು ದಿನ ಕಳೆಯಲು ಮಂಡ್ಯದ ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. ಆದರೂ ಹುಡುಗ ಕೇಳಿದ: “ಒಗ್ಗರಣೆ ಹಾಕಿದ್ರೆ ಏನಾಗುತ್ತೆ ತಾತ?”

ತಾತ ಅಂಗಿಯ ತೋಳು ಮೇಲೆತ್ತಿ ಭುಜದ ಕೆಳಗಿನ ದುಂಡನೆಯ ಗುರುತು ತೋರಿಸಿದರು. ಚಿಕ್ಕಂದಿನಲ್ಲಿ ದಾಕು ಹಾಕಿದ ಗುರುತು. ಅವರ ಬಾಲ್ಯದ ಊರಿನಲ್ಲಿ ಮುಖದ ತುಂಬ ಸಿಡುಬಿನ ಕಲೆಯಿದ್ದವರು ಪ್ರತಿ ಬೀದಿಯಲ್ಲೂ ಇದ್ದರು, ಕಣ್ಣು ಕಳೆದುಕೊಂಡವರೂ ಇದ್ದರು. ಸಿಡುಬು ಬಂದ ಮನೆಯಲ್ಲಿ ‘ಅಮ್ಮ ಎದ್ದಿದ್ದಾಳೆ’ ಎನ್ನುತ್ತಿದ್ದರು. ಆ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ, ಹುರಿಯುತ್ತಿರಲಿಲ್ಲ, ಮಾಂಸ ಬೇಯಿಸುತ್ತಿರಲಿಲ್ಲ. ಹೊರಗಿನವರು ಒಳಗೆ ಬರುತ್ತಿರಲಿಲ್ಲ, ಒಳಗಿನವರು ಬೇರೆ ಊರಿಗೆ ಹೋಗುತ್ತಿರಲಿಲ್ಲ. ರೋಗಿಯ ಸುತ್ತ ಬೇವಿನ ಸೊಪ್ಪು. ಹಬ್ಬ ಸಾರಿದ ಊರಿನ ಕಟ್ಟನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದಕ್ಕೊಂದು ಹೊಂದುತ್ತದೆ: ಒಂದು ಮನೆ ಪಾಲಿಸುತ್ತಿದ್ದ ನೇಮವನ್ನು ಹಬ್ಬದ ವಾರದಲ್ಲಿ ಇಡೀ ಊರು ಪಾಲಿಸುತ್ತದೆ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. ರೋಗ ಹೋಯಿತು, ಕಟ್ಟು ಉಳಿಯಿತು. ಈಗ ಸೀತಾಳೆ ಸಿಡುಬು, ದಡಾರ ಬಂದಾಗಲೂ ಇದೇ ಮಾತು, ಇದೇ ನೇಮ ಕೇಳಿಬರುತ್ತದೆ. ಸಾರಿದ ಮೇಲೆ ಕಟ್ಟು ಹಾಕಿಕೊಳ್ಳುವುದು ಈ ಸೀಮೆಗೆ ಮಾತ್ರ ಸೇರಿದ್ದೂ ಅಲ್ಲ. ಕೊಡಗಿನ ಊರು ಹಬ್ಬಗಳಿಗೂ ಮುಂಚೆ ಕಟ್ಟು ಬೀಳುತ್ತದೆ. ಉತ್ತರ ಕರ್ನಾಟಕದಲ್ಲಿ ಗ್ರಾಮದೇವತೆಯ ಜಾತ್ರೆಗೆ ಮುಂಚಿನ ವಾರಗಳಲ್ಲಿ ಗೊತ್ತಾದ ದಿನ ಬೀಸುವ, ಕುಟ್ಟುವ, ರೊಟ್ಟಿ ಬಡಿಯುವ ಕೆಲಸ ನಿಲ್ಲಿಸಿ ‘ವಾರ’ ಹಿಡಿಯುತ್ತಾರೆ.

ರಾತ್ರಿ ತಂಗಬಾರದು ಎನ್ನುವ ಕಟ್ಟು ಮಾತ್ರ ಈಗ ಸಡಿಲ. ಊರಿನ ಅರ್ಧ ಯುವಕರು ಬೆಂಗಳೂರಿನ ಪಾಳಿ ಕೆಲಸದಲ್ಲಿದ್ದಾರೆ. ಅವರು ಸಾರುವ ದಿನ ಬಾರದೆ ನೇರವಾಗಿ ಹಬ್ಬದ ದಿನ ಬಂದಿಳಿದರೆ ಯಾರೂ ಪ್ರಶ್ನಿಸುವುದಿಲ್ಲ. ಸಾರಿದ ಮೇಲೆ ಊರಲ್ಲಿದ್ದು ಹೊರಗೆ ಹೋಗಿ ಮಲಗಿದರೆ ಮಾತ್ರ ಮಾತು ಬರುತ್ತದೆ.

ಸಾರುವ ತಮಟೆ ಪರಂಪರೆಯಿಂದ ದಲಿತ ಕೇರಿಯವರ ಕೈಯಲ್ಲಿದೆ. ಹಿಂದೆ ಅದಕ್ಕೆ ಸಿಗುತ್ತಿದ್ದುದು ಮನೆಮನೆಯ ಕಾಳು, ಹಬ್ಬದ ಪಾಲು. ಅದು ಚಾಕರಿ, ನಾವು ಮಾಡುವುದಿಲ್ಲ ಎಂದು ಹೊಸ ತಲೆಮಾರು ಹಿಂದೆ ಸರಿದ ಊರುಗಳಿವೆ. ಅಲ್ಲಿ ಕೂಲಿ ಮಾತಾಡಿ ತಂಡ ಕರೆಸುತ್ತಾರೆ, ಇಲ್ಲವೇ ಗುಡಿಯ ಮೈಕಿನಲ್ಲಿ ಹೇಳಿ ಮುಗಿಸುತ್ತಾರೆ. ಯಾವ ಬೀದಿಯ ಆರತಿ ಮೊದಲು, ಯಾರಿಗೆ ಗುಡಿಯ ಒಳಗೆ ಪ್ರವೇಶ ಎಂಬ ಪ್ರಶ್ನೆಗಳು ಜಗಳವಾಗಿ, ತಹಸೀಲ್ದಾರರು, ಪೊಲೀಸರು ಶಾಂತಿ ಸಭೆ ನಡೆಸಿದ ಮೇಲೆ ಹಬ್ಬ ಆದ ಉದಾಹರಣೆಗಳೂ ಹಳೆ ಮೈಸೂರಿನಲ್ಲಿ ಕಡಿಮೆಯಿಲ್ಲ. ಈ ಊರಿನಲ್ಲಿ ತಮಟೆಗೆ ಕೂಲಿ ನಿಗದಿಯಾಗಿದೆ, ಹಣ ಊರ ವಂತಿಗೆಯಿಂದ ಹೋಗುತ್ತದೆ.

ತೋರಣ, ಮುದ್ದೆಯ ಲೆಕ್ಕ

ಸಾರಿದ ಮೇಲಿನ ಸಾಲಿನಲ್ಲಿ ಮೊದಲ ಕೆಲಸ ಹಸಿರು. ಮಾವಿನ ಎಲೆ ಕಿತ್ತು ಮೂರ್ನಾಲ್ಕು ದಿನವಾದರೂ ಬಣ್ಣ ಬಿಡುವುದಿಲ್ಲ. ಬೇವು ಏಪ್ರಿಲ್ ಬಿಸಿಲಿನಲ್ಲಿ ಒಂದೇ ದಿನಕ್ಕೆ ಸೊರಗುತ್ತದೆ. ಆದ್ದರಿಂದ ಮಾವು ಭಾನುವಾರ ಸಂಜೆ, ಬೇವು ಮಂಗಳವಾರ ಬೆಳಗ್ಗೆ.

ಹುಡುಗ ಬೆಂಗಳೂರಿನಲ್ಲಿ ನೋಡಿದ್ದು ಸ್ಟೇಪ್ಲರ್ ಹೊಡೆದ ತೋರಣ. ತಾತ ಎರಡು ಎಳೆಯ ಹುರಿ ತಂದು, ಅದನ್ನು ಹೊಸೆದ ದಿಕ್ಕಿಗೆ ಎದುರಾಗಿ ತುಸು ತಿರುಚಿದರು. ಎಳೆಗಳ ನಡುವೆ ಸಂದು ಬಿತ್ತು. ಆ ಸಂದಿಗೆ ಎಲೆಯ ತೊಟ್ಟು ತೂರಿಸಿ ಕೈಬಿಟ್ಟಾಗ ಹುರಿ ತಾನಾಗಿ ಹಿಂದಕ್ಕೆ ಹೊಸೆದುಕೊಂಡು ತೊಟ್ಟನ್ನು ಕಚ್ಚಿಹಿಡಿಯಿತು. ಹುರಿ ಬಿಗಿಯಾಗಿ ಎಳೆದಷ್ಟೂ ಹಿಡಿತ ಹೆಚ್ಚುತ್ತದೆ. ಹಳೆಯ ನೈಲಾನ್ ದಾರದಲ್ಲಿ ಇದು ನಡೆಯುವುದಿಲ್ಲ, ನುಣುಪಿಗೆ ತೊಟ್ಟು ಜಾರುತ್ತದೆ. ತೆಂಗಿನ ನಾರಿನ ಹುರಿಯೇ ಆಗಬೇಕು. ಬೀದಿಗೆ ಅಡ್ಡಲಾಗಿ ಎದುರು ಮನೆಯ ಸೂರಿಗೆ ಕಟ್ಟುವಷ್ಟು ತೋರಣವನ್ನು ಹುಡುಗ ಒಬ್ಬನೇ ಹೊಸೆದು ಮುಗಿಸಿದ.

ಆಮೇಲೆ ನೆಂಟರ ಲೆಕ್ಕ. ಊರ ಹಬ್ಬಕ್ಕೆ ಮನೆಯ ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು ಬರಲೇಬೇಕು. ಕರೆಯದಿದ್ದರೆ ಅದು ವರ್ಷವಿಡೀ ಉಳಿಯುವ ಮಾತು. ಬುಧವಾರದ ಊಟಕ್ಕೆ ನಲವತ್ತು ಜನ ಎಂದು ಅಜ್ಜಿ ಅಂದಾಜಿಸಿದರು. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು. ಎರಡು ಮುದ್ದೆ ಉಣ್ಣುವವರು ಇಪ್ಪತ್ತು ಜನ, ಒಂದು ಉಣ್ಣುವವರು ಇಪ್ಪತ್ತು, ಒಟ್ಟು ಅರವತ್ತು ಮುದ್ದೆ, ಆರು ಕೆಜಿ ಹಿಟ್ಟು. ತಾತ ಎಂಟು ಕೆಜಿ ಬೀಸಿಸಿದ್ದರು. “ನಲವತ್ತು ಅಂದ್ರೆ ಐವತ್ತು ಬರ್ತಾರೆ ಕಣ್ಲಾ,” ಎನ್ನುವುದು ಅವರ ಸೂತ್ರ.

ಬುಧವಾರದ್ದು ಬಾಡೂಟ. ಸಂತೆಯಲ್ಲಿ ಕೊಂಡ ಮರಿ ಹದಿನೈದು ದಿನದಿಂದ ಕೊಟ್ಟಿಗೆಯಲ್ಲಿತ್ತು, ಅದಕ್ಕೆ ಸೊಪ್ಪು ಹಾಕುವುದು ಹುಡುಗನ ಕೆಲಸವಾಗಿತ್ತು. ಗುಡಿಯಲ್ಲೂ ಅದರ ಆವರಣದಲ್ಲೂ ಪ್ರಾಣಿ ಬಲಿ ಕೊಡುವುದನ್ನು 1959ರ ಕರ್ನಾಟಕ ಪ್ರಾಣಿ ಬಲಿ ನಿಷೇಧ ಕಾಯ್ದೆ ತಡೆಯುತ್ತದೆ. ಹಾಗಾಗಿ ಈ ಊರಿನಲ್ಲಿ ದೇವರ ಮುಂದೆ ನಡೆಯುವುದು ಆರತಿ, ಹಣ್ಣುಕಾಯಿ ಅಷ್ಟೇ. ಮಾಂಸದ ಅಡುಗೆ ಮಾರನೆಯ ದಿನ ಅವರವರ ಮನೆಯಲ್ಲಿ. ಬುಧವಾರ ಬೆಳಗ್ಗೆ ಹುಡುಗ ಕೊಟ್ಟಿಗೆಯ ಕಡೆ ಹೋಗಲಿಲ್ಲ, ಊಟಕ್ಕೆ ಅನ್ನ, ಮೊಸರು ಸಾಕೆಂದ. ಅಜ್ಜಿ ಒಂದು ಮಾತೂ ಆಡದೆ ಬಡಿಸಿದರು.

ಕೊನೆಯ ದಿನದ ಹಿಟ್ಟು

ಇಡೀ ಹಬ್ಬದಲ್ಲಿ ತೀರ ಕಡಿಮೆ ಹೊತ್ತು ಬಾಳುವ ವಸ್ತು ತಂಬಿಟ್ಟಿನ ಆರತಿ. ನೆನೆಸಿದ ಅಕ್ಕಿಯ ಹಸಿ ಹಿಟ್ಟು ಈ ಸೆಕೆಯಲ್ಲಿ ಒಂದು ರಾತ್ರಿ ಕಳೆದರೆ ಹುಳಿಯಾಗುತ್ತದೆ. ಆದ್ದರಿಂದ ಅಕ್ಕಿ ನೆನೆಯುವುದು ಮಂಗಳವಾರ ಬೆಳಗ್ಗೆಯೇ. ಅಂದು ಮನೆಯವರು ಉಪವಾಸ. ಮಡಿಯಲ್ಲಿ ಅಜ್ಜಿ ಎರಡು ಸೇರು ಅಕ್ಕಿ ತೊಳೆದು ನೆನೆಹಾಕಿದರು. ಎರಡು ಗಂಟೆ ಬಿಟ್ಟು ನೀರು ಬಸಿದು, ನೆರಳಿನಲ್ಲಿ ಬಿಳಿ ಪಂಚೆಯ ಮೇಲೆ ಹರಡಿದರು.

ಇನ್ನು ಕಾಯುವ ಕೆಲಸ. ಎಲ್ಲ ಹಾಳಾಗುವುದೂ ಇಲ್ಲಿಯೇ. ಅಕ್ಕಿ ತೀರ ಒದ್ದೆಯಿದ್ದರೆ ಹಿಟ್ಟು ಜರಡಿಗೆ ಮೆತ್ತಿಕೊಳ್ಳುತ್ತದೆ, ಬೆಲ್ಲ ಸೇರಿದೊಡನೆ ನೀರಾಗುತ್ತದೆ. ತೀರ ಒಣಗಿದರೆ ಹಿಟ್ಟು ತರಿತರಿಯಾಗಿ ಆರತಿ ಬಿರಿಯುತ್ತದೆ. ಅಜ್ಜಿ ಹುಡುಗನಿಗೆ ಹದ ನೋಡುವುದನ್ನು ತೋರಿಸಿದರು. ಒಂದು ಹಿಡಿ ಅಕ್ಕಿ ಅದುಮಿದರೆ ಉಂಡೆಯಂತೆ ಅಂಟಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಒಂದು ಕಾಳನ್ನು ಬೆರಳ ನಡುವೆ ಉಜ್ಜಿದರೆ ಪುಡಿಯಾಗಬೇಕು. ಅರ್ಧ ಗಂಟೆಗೆ ಮೊದಲ ಸಲ ನೋಡಿದಾಗ ಅಂಗೈ ಪಸೆಯಾಯಿತು. ಇನ್ನು ಹದಿನೈದು ನಿಮಿಷ ಬಿಟ್ಟಾಗ ಹದ ಬಂತು.

“ಕುಟ್ಟಂಗಿಲ್ಲ ಅಂದಿದ್ಯಲ್ಲ ಅಜ್ಜಿ?” ಒರಳಿನ ಮುಂದೆ ಕೂತ ಹುಡುಗನಿಗೆ ನೆನಪಾಯಿತು.

“ಖಾರ ಕುಟ್ಟಂಗಿಲ್ಲ. ಅಮ್ಮನ ಅಕ್ಕಿ ಕುಟ್ಟದೆ ಇನ್ನೇನ್ ಮಾಡ್ತೀಯ? ಒದ್ದೆ ಅಕ್ಕಿ ಮಿಲ್ಲಿಗೆ ಹಾಕಕ್ಕೆ ಬಿಡ್ತಾರಾ?”

ಬಿಡುವುದಿಲ್ಲ. ತೇವದ ಅಕ್ಕಿ ಮಿಲ್ಲಿನ ಕಲ್ಲಿಗೆ ಮೆತ್ತಿ ಕೂತುಬಿಡುತ್ತದೆ. ಈಗ ಬಹಳ ಮನೆಗಳಲ್ಲಿ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಪುಡಿಮಾಡುತ್ತಾರೆ. ಜಾರ್ ಬಿಸಿಯಾಗುವ ಮುಂಚೆ ನಿಲ್ಲಿಸಬೇಕು. ಈ ಮನೆಯಲ್ಲಿ ಇನ್ನೂ ಒರಳು, ಒನಕೆ. ಹುಡುಗನ ಅಮ್ಮ, ಅತ್ತೆ ಸರದಿಯಲ್ಲಿ ಕುಟ್ಟಿದರು, ಹುಡುಗ ಜರಡಿ ಹಿಡಿದ.

ಹಿಟ್ಟು ಎರಡು ಪಾಲು, ಬೆಲ್ಲ ಒಂದು ಪಾಲು. ಮಂಡ್ಯ ಬೆಲ್ಲದ ಸೀಮೆ, ಸಿಗದ ಮಾತಿಲ್ಲ. ಆದರೆ ಆರತಿಗೆ ಕೈಗೆ ಅಂಟದ ಗಟ್ಟಿ ಅಚ್ಚು ಬೆಲ್ಲ ಬೇಕು. ಅದನ್ನು ಕುಟ್ಟಿ ಪುಡಿಮಾಡಿ ಹಿಟ್ಟಿಗೆ ಬೆರೆಸಿ ನಾದಿದಾಗ ಮೊದಲು ಪುಡಿಪುಡಿಯಾಗಿಯೇ ಇರುತ್ತದೆ. ಇಲ್ಲಿ ನೀರು ಚಿಮುಕಿಸುವ ಆತುರ ಎಲ್ಲರಿಗೂ ಬರುತ್ತದೆ. ಚಿಮುಕಿಸಬಾರದು. ಹಿಟ್ಟಿನಲ್ಲಿರುವ ತೇವಕ್ಕೆ ಬೆಲ್ಲ ತಾನೇ ಕರಗಿ ನಾಲ್ಕೈದು ನಿಮಿಷದಲ್ಲಿ ಮುದ್ದೆ ಕೂಡಿಕೊಳ್ಳುತ್ತದೆ. ಅತ್ತೆ ಆ ಮುದ್ದೆಯನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ಬುಡ ಅಗಲವಾಗಿ, ಮೇಲಕ್ಕೆ ಸಣ್ಣಗಾಗುತ್ತ ಹೋಗುವಂತೆ ಒದ್ದೆ ಕೈಯಲ್ಲಿ ಒತ್ತಿ ನಿಲ್ಲಿಸಿದರು. ನೆತ್ತಿಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ ತುಪ್ಪದಲ್ಲಿ ನೆನೆಸಿದ ಬತ್ತಿ ಇಟ್ಟರು. ಸುತ್ತ ಹೂವು, ಬೆನ್ನಿಗೆ ಅಡಕೆಯ ಹೊಂಬಾಳೆ.

ಗುಳಿಗೆ ತುಪ್ಪ ಎಷ್ಟು ಹಾಕಬೇಕು ಎನ್ನುವುದಕ್ಕೂ ಮಿತಿಯಿದೆ. ಮನೆಯಿಂದ ಗುಡಿಗೆ ಮೆರವಣಿಗೆ ನಿಂತು ನಿಂತು ಸಾಗಿದರೆ ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ದೀಪ ಉರಿಯಬೇಕು. ಹಾಗೆಂದು ತುಂಬಿಸಿದರೆ ಬಿಸಿ ತುಪ್ಪ ಅಂಚು ಮೀರಿ ಹರಿದು ಬೆಲ್ಲ ಕರಗಿ ನೆತ್ತಿ ಕುಸಿಯುತ್ತದೆ. ಇದಕ್ಕೆ ಅಜ್ಜಿ ಕಂಡುಕೊಂಡ ದಾರಿ ಸುಲಭ. ಗುಳಿಗೆ ಮುಕ್ಕಾಲು ತುಪ್ಪ, ಜೊತೆಗೆ ನಡೆಯುವ ಹುಡುಗನ ಕೈಯಲ್ಲಿ ಒಂದು ಸಣ್ಣ ಬಟ್ಟಲು ತುಪ್ಪ, ಒಂದು ಚಮಚ.

ಸಂಜೆ ತಮಟೆ ಮುಂದೆ, ಆರತಿ ಹೊತ್ತ ಹೆಂಗಸರು ಹಿಂದೆ, ಬೀದಿ ಬೀದಿಯಿಂದ ಸೇರುತ್ತ ಗುಡಿಯ ಕಡೆ ಸಾಗಿದರು. ಹುಡುಗ ಅಮ್ಮನ ಪಕ್ಕದಲ್ಲಿ ನಡೆಯುತ್ತ, ಮೆರವಣಿಗೆ ನಿಂತಾಗಲೆಲ್ಲ ತುದಿಗಾಲಲ್ಲಿ ನಿಂತು ತುಪ್ಪ ಬಿಟ್ಟ. ಗುಡಿಯ ಹತ್ತಿರ ಗಾಳಿಗೆ ಒಮ್ಮೆ ಆರಿದ ದೀಪವನ್ನು ಪಕ್ಕದ ಆರತಿಯಿಂದ ಹಚ್ಚಿಕೊಂಡರು. ಪೂಜಾರಿ ಬೆಳಗಿ, ತಂಬಿಟ್ಟಿನ ಒಂದು ತುಂಡು ಮುರಿದಿಟ್ಟುಕೊಂಡು ತಟ್ಟೆ ಮರಳಿಸಿದರು. ಉಳಿದದ್ದು ಮನೆಗೆ ಬಂದು ಅಂದೇ ರಾತ್ರಿ ಉಪವಾಸ ಬಿಟ್ಟವರಿಗೆ ಹಂಚಿಹೋಯಿತು.

ಗುರುವಾರ ನೆಂಟರು ಹೊರಟ ಮೇಲೆ ಗುಡಿಯ ಜಗಲಿಯಲ್ಲಿ ಊರ ಲೆಕ್ಕ ಓದಿದರು. ವಂತಿಗೆ ಎತ್ತುವುದು ಒಲೆಯ ಲೆಕ್ಕದಲ್ಲಿ. ಅಡುಗೆ ಬೇರೆಯಾದರೆ ಅಣ್ಣ ತಮ್ಮ ಎರಡು ವಂತಿಗೆ. ಹೂವು, ತಮಟೆ, ಶಾಮಿಯಾನ, ಸೀರಿಯಲ್ ಸೆಟ್ಟು ಎಂದು ಖರ್ಚು ಓದಿ ಮುಗಿಯುವಾಗ ಒಬ್ಬರು ತಾತನ ಕಡೆ ತಿರುಗಿ ಕೇಳಿದರು: ಬೆಂಗಳೂರಲ್ಲಿ ಮನೆ ಮಾಡಿರುವ ನಿಮ್ಮ ಮಗನದ್ದು ಬೇರೆ ಒಲೆಯಲ್ಲವೇ? ತಾತ ಸ್ವಲ್ಪ ಹೊತ್ತು ವಾದ ಮಾಡಿದರು. ಹೊಲ ಇನ್ನೂ ಒಟ್ಟಿಗಿದೆ, ಪಾಲಾಗಿಲ್ಲ ಎಂಬುದು ಅವರ ಮಾತು. ಆದರೆ ಇದೇ ನೇಮ ಹೇಳಿ ಎರಡು ವರ್ಷದ ಹಿಂದೆ ಪಕ್ಕದ ಮನೆಯವರಿಂದ ಎರಡು ವಂತಿಗೆ ಎತ್ತಿಸಿದ್ದು ತಾತನೇ ಆಗಿತ್ತು. ಕೊನೆಗೆ ಮಗನ ಹೆಸರಲ್ಲಿ ಒಂದು ವಂತಿಗೆ ಬರೆಸಿ ಹಣ ಕೊಟ್ಟರು.

ವಂತಿಗೆ ಬೇರೆಯಾದರೆ ಆರತಿಯೂ ಬೇರೆ. ಮನೆಗೆ ಬಂದು ಹುಡುಗ ನೋಟ್ ಪುಸ್ತಕ ತೆಗೆದು, ಸಾರಿದ ಮೇಲಿನ ಸಾಲಿನಲ್ಲಿ ‘ಅಕ್ಕಿ ಎರಡು ಸೇರು’ ಎಂದಿದ್ದುದನ್ನು ಹೊಡೆದು ನಾಲ್ಕು ಸೇರು ಎಂದು ಬರೆದ. ಬೆಲ್ಲ ಎಷ್ಟಾಗುತ್ತದೆ ಎಂದು ಅಜ್ಜಿಯನ್ನು ಕೇಳಿದ್ದಕ್ಕೆ, ಅದು ಆಮೇಲೆ, ಮೊದಲು ಇನ್ನೊಂದು ಹಿತ್ತಾಳೆ ತಟ್ಟೆ ಎಲ್ಲಿದೆ ನಿಮ್ಮಮ್ಮನ್ನ ಕೇಳು ಎಂದರು.